ಭೋಗ್ಯದ ಮನೆಗಳ ಜಾಹೀರಾತು ಸಂಗ್ರಹಿಸಲು ಅನುಮತಿ ಕೋರಿ

ವಿಜಯನಗರ, ಬೆಂಗಳೂರು
12 ಜನವರಿ 2026

ಮಾನ್ಯ ಮಂಜುನಾಥ್ ಅವರಿಗೆ,

ನಮಸ್ಕಾರ. ನನ್ನ ಹೆಸರು ಸುಮಂಗಲಾ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ, ಈಗ ನಿವೃತ್ತಳಾಗಿದ್ದೇನೆ. ಬೆಂಗಳೂರಿನ ಭೋಗ್ಯದ ಮನೆಗಳ ಬಗ್ಗೆ ಒಂದು ಸಣ್ಣ ಅಧ್ಯಯನ ಕೈಗೆತ್ತಿಕೊಂಡಿದ್ದೇನೆ. ಅದಕ್ಕಾಗಿ ನಿಮ್ಮ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವ ಮನೆ ಜಾಹೀರಾತುಗಳ ವಿವರವನ್ನು ಒಂದು ಚಿಕ್ಕ ಪ್ರೋಗ್ರಾಮ್ ಬಳಸಿ ಆರು ತಿಂಗಳ ಕಾಲ ಸಂಗ್ರಹಿಸಬೇಕಿದೆ. ನೀವು ಒಪ್ಪಿದರೆ ಮಾತ್ರ ಶುರು ಮಾಡುತ್ತೇನೆ. ಇಲ್ಲಿಯವರೆಗೆ ಒಂದು ಪುಟವನ್ನೂ ಹಾಗೆ ಇಳಿಸಿಕೊಂಡಿಲ್ಲ.

ನಾನು ಯಾವ ವಿಶ್ವವಿದ್ಯಾಲಯಕ್ಕೂ ಕಂಪನಿಗೂ ಸೇರಿದವಳಲ್ಲ. ಈ ಕೆಲಸಕ್ಕೆ ಯಾರೂ ಹಣ ಕೊಟ್ಟಿಲ್ಲ. ನನ್ನ ಪಿಂಚಣಿ, ನನ್ನ ಲ್ಯಾಪ್‌ಟಾಪ್, ಅಷ್ಟೇ.

ಮೊದಲು ಅಧ್ಯಯನದ ವಿಷಯ ಹೇಳುತ್ತೇನೆ. ನೀವು ದಿನವೂ ಇದೇ ವ್ಯವಹಾರ ನೋಡುವವರು, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ನಾನು ಏನು ಹುಡುಕುತ್ತಿದ್ದೇನೆ ಅಂತ ತಿಳಿದರೆ, ಯಾವ ಮಾಹಿತಿ ಯಾಕೆ ಬೇಕು ಅನ್ನುವುದು ಸ್ಪಷ್ಟವಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ಕೋಣೆಯ ಒಂದು ಮನೆಗೆ ತಿಂಗಳ ಬಾಡಿಗೆ 15,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1.5 ಲಕ್ಷ. ಅದೇ ಮನೆಯನ್ನು ಮಾಲೀಕರು 18 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೂ ಕೊಡಲು ತಯಾರಿದ್ದಾರೆ. ಭೋಗ್ಯಕ್ಕೆ ಹೋದ ಕುಟುಂಬ ಬಾಡಿಗೆಯವರಿಗಿಂತ 16.5 ಲಕ್ಷ ಜಾಸ್ತಿ ಕೊಟ್ಟಿರುತ್ತದೆ, ಬದಲಿಗೆ ವರ್ಷಕ್ಕೆ 1.8 ಲಕ್ಷ ಬಾಡಿಗೆ ಉಳಿಸುತ್ತದೆ. ಲೆಕ್ಕ ಹಾಕಿದರೆ ಶೇ. 10.9 ಆಯಿತು. ಅಂದರೆ ಮಾಲೀಕರು ಸುಮಾರು ಶೇ. 11ರ ಬಡ್ಡಿಗೆ ಬಾಡಿಗೆದಾರರಿಂದ ಸಾಲ ಪಡೆದಂತೆ. ಈಗ ಅದೇ ಮನೆಯನ್ನು 12 ಲಕ್ಷಕ್ಕೇ ಕೊಡುತ್ತೇನೆ ಅಂದರೆ? ಬಡ್ಡಿ ಶೇ. 17 ದಾಟುತ್ತದೆ. ಹುಡುಕುವವರಿಗೆ ಇದು ಅಗ್ಗದ ಮನೆಯಾಗಿ ಕಾಣುತ್ತದೆ. ನನಗೆ ಅದರಲ್ಲಿ ಕಾಣುವುದು, ಬೇರೆ ಕಡೆ ಸಾಲ ಹುಟ್ಟದೆ ದುಬಾರಿ ಬಡ್ಡಿಗೂ ಒಪ್ಪಿಕೊಂಡಿರಬಹುದಾದ ಮಾಲೀಕ. ಅಂಥವರು ಮೂರು ವರ್ಷದ ಕೊನೆಗೆ 12 ಲಕ್ಷ ಎಲ್ಲಿಂದ ತಂದು ಕೊಡುತ್ತಾರೆ?

ಭೋಗ್ಯದ ಮೊತ್ತ ಅಕ್ಕಪಕ್ಕದ ಬಾಡಿಗೆಗೆ ಹೋಲಿಸಿದರೆ ತೀರಾ ಕಡಿಮೆ ಇದ್ದಾಗ ಅದು ಅಪಾಯದ ಸೂಚನೆ ಆಗಿರಬಹುದೇ, ಅಂಥ ಜಾಹೀರಾತುಗಳಲ್ಲಿ ಬೇರೆ ಯಾವ ಲಕ್ಷಣಗಳು ಒಟ್ಟಿಗೆ ಕಾಣುತ್ತವೆ, ಇದು ನನ್ನ ಪ್ರಶ್ನೆ. ‘ಅರ್ಜೆಂಟ್’ ಅಂತ ಬರೆದಿರುವುದು, ಕಟ್ಟಡ ಪೂರ್ತಿ ಮುಗಿಯುವ ಮೊದಲೇ ಭೋಗ್ಯಕ್ಕೆ ಇಟ್ಟಿರುವುದು, ಒಂದೇ ಮನೆಯ ಮೊತ್ತ ವಾರ ವಾರಕ್ಕೂ ಇಳಿಯುವುದು, ಇಸಿ ತೋರಿಸುತ್ತೇವೆ ಅಥವಾ ಕರಾರು ನೋಂದಣಿ ಮಾಡಿಸುತ್ತೇವೆ ಅಂತ ಹೇಳಿರುವುದು ಅಥವಾ ಹೇಳದಿರುವುದು, ಇವನ್ನೆಲ್ಲ ನೋಡಬೇಕು.

ಇದರ ಹಿಂದೆ ನನ್ನ ಸ್ವಂತ ಕಾರಣವೂ ಒಂದಿದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ತಾಯಿ ಊರಿನ ಜಮೀನು ಮಾರಿ ಬಂದ ಹಣವನ್ನು ಭೋಗ್ಯಕ್ಕೆ ಕೊಟ್ಟಿದ್ದರು. ಆ ಮನೆ ಮೊದಲೇ ಬ್ಯಾಂಕಿನಲ್ಲಿ ಅಡಮಾನ ಇತ್ತು. ಮಾಲೀಕರು ಕಂತು ಕಟ್ಟಲಿಲ್ಲ, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದರು. 2002ರ ಸರ್ಫೇಸಿ ಕಾಯ್ದೆಯಡಿ ಅಡಮಾನದ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಂಡು ಮಾರಬಹುದು. ಆ ಮನೆಯಲ್ಲಿದ್ದವರ ಕೈಯಲ್ಲಿ ಇದ್ದದ್ದು ನೋಂದಣಿಯಾಗದ ಒಂದು ಸ್ಟಾಂಪ್ ಪೇಪರ್ ಮಾತ್ರ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬಡ್ಡಿ ಲೆಕ್ಕ ಹೇಳಿಕೊಡುವುದೇ ಕೆಲಸವಾಗಿದ್ದ ನನಗೆ, ಇಂಥ ಮನೆಗಳಿಗೆ ಅನ್ವಯಿಸುವ ಒಂದು ಸರಳ ಲೆಕ್ಕ ಜನರ ಕೈಯಲ್ಲಿ ಇರಲೇಬೇಕು ಅಂತ ಅನ್ನಿಸಿತು.

ಸರ್ಕಾರಿ ಅಂಕಿ ಅಂಶಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. 2011ರ ಜನಗಣತಿ ಮನೆಗಳನ್ನು ಸ್ವಂತ, ಬಾಡಿಗೆ, ಇತರೆ ಅಂತ ಮೂರು ಮಾಡಿ ಎಣಿಸಿದೆ, ಭೋಗ್ಯಕ್ಕೆ ಬೇರೆ ಕಾಲಮ್ ಇಲ್ಲ. ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡಿನಲ್ಲಿ ಮೊತ್ತ ಬರೆದಿರುವುದಿಲ್ಲ. ನಿಮ್ಮ ಪುಟಗಳಲ್ಲಿ ಮೊತ್ತ, ಅವಧಿ, ಬಡಾವಣೆ, ಹಾಕಿದ ದಿನಾಂಕ ಎಲ್ಲವೂ ಒಂದೇ ಕಡೆ ಇವೆ. ಭೋಗ್ಯಕ್ಕೇ ಪ್ರತ್ಯೇಕ ವಿಭಾಗ ಇಟ್ಟು, ಅವಧಿ ಬರೆಯದೆ ಜಾಹೀರಾತು ಹಾಕಲು ಬಿಡದಿರುವುದು ನಿಮ್ಮಲ್ಲಿ ನಾನು ಮೆಚ್ಚಿದ ಸಂಗತಿ. ಆ ಶಿಸ್ತಿನಿಂದಲೇ ಇಂಥ ಅಧ್ಯಯನ ಸಾಧ್ಯ.

ನನಗೆ ಬೇಕಾಗಿರುವುದು ಬನಶಂಕರಿ, ಬಸವೇಶ್ವರನಗರ, ಯಲಹಂಕ ಮತ್ತು ವಿಜಯನಗರ, ಈ ನಾಲ್ಕು ಕಡೆಯ ಭೋಗ್ಯ ಮತ್ತು ಬಾಡಿಗೆ ಜಾಹೀರಾತುಗಳು ಮಾತ್ರ. ಪ್ರತಿಯೊಂದರಿಂದ ಬಡಾವಣೆಯ ಹೆಸರು, ಕೋಣೆಗಳ ಸಂಖ್ಯೆ, ಮಹಡಿ, ಮೊತ್ತ, ಅವಧಿ, ಹಾಕಿದ ದಿನಾಂಕ ಮತ್ತು ಕೆಳಗಿನ ವಿವರಣೆಯ ಸಾಲುಗಳನ್ನು ತೆಗೆದುಕೊಳ್ಳುತ್ತೇನೆ. ಹೆಸರು, ಫೋನ್ ನಂಬರ್, ಮನೆ ನಂಬರ್, ಫೋಟೋ ಬೇಡ. ಕೆಲವರು ವಿವರಣೆಯ ಒಳಗೇ ಫೋನ್ ನಂಬರ್ ಬರೆಯುತ್ತಾರೆ ಅಲ್ವಾ, ಅದನ್ನು ಪ್ರೋಗ್ರಾಮ್ ಉಳಿಸುವ ಮೊದಲೇ ಅಳಿಸುತ್ತದೆ. ಜನ ಮನೆ ಕೊಡಲು ನಂಬರ್ ಹಾಕಿದ್ದಾರೆ, ನನ್ನ ಅಧ್ಯಯನಕ್ಕಲ್ಲ. ‘ನಂಬರ್ ನೋಡಿ’ ಗುಂಡಿಯನ್ನು ಪ್ರೋಗ್ರಾಮ್ ಒತ್ತುವುದೂ ಇಲ್ಲ, ಲಾಗಿನ್ ಆಗುವುದೂ ಇಲ್ಲ.

ನಿಮ್ಮ ಸರ್ವರ್ ಮೇಲೆ ಬೀಳುವ ಹೊರೆಯ ಬಗ್ಗೆ. ಈ ನಾಲ್ಕು ಕಡೆಯ ಜಾಹೀರಾತುಗಳು ಈಗ ಸುಮಾರು 1,400 ಇವೆ, ಪುಟಕ್ಕೆ 20ರಂತೆ ಅವುಗಳ ಪಟ್ಟಿ 70 ಪುಟ. ಪಟ್ಟಿ, ಜಾಹೀರಾತು ಎರಡೂ ಸೇರಿ 1,470 ಪುಟಗಳನ್ನು ಹತ್ತು ಸೆಕೆಂಡಿಗೆ ಒಂದರಂತೆ ತೆರೆದರೆ ಒಟ್ಟು 4 ಗಂಟೆ 5 ನಿಮಿಷ ಬೇಕು. ಅದನ್ನು ರಾತ್ರಿ 12ರಿಂದ ಬೆಳಗಿನ 5ರ ಒಳಗೆ ಒಂದು ಸಲ ಮಾಡುತ್ತೇನೆ. ಆಮೇಲೆ ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಪಟ್ಟಿಯ ಪುಟಗಳು ಮತ್ತು ಹೊಸದಾಗಿ ಬಂದ ಅಥವಾ ಮೊತ್ತ ಬದಲಾದ ಜಾಹೀರಾತುಗಳು ಮಾತ್ರ. ಏಕಕಾಲಕ್ಕೆ ಎರಡು ಪುಟ ಯಾವತ್ತೂ ತೆರೆಯುವುದಿಲ್ಲ. ಸರ್ವರ್ 429 ಅಥವಾ 503 ಅಂತ ಉತ್ತರ ಕೊಟ್ಟರೆ ಆ ರಾತ್ರಿಯ ಕೆಲಸ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಲಾಗ್‌ನಲ್ಲಿ ಪ್ರೋಗ್ರಾಮ್ `bhogya-adhyayana/1.0` ಎಂಬ ಹೆಸರಿನಲ್ಲೇ ಕಾಣಿಸುತ್ತದೆ. ಬ್ರೌಸರ್‌ನಂತೆ ವೇಷ ಹಾಕುವುದಿಲ್ಲ.

ನಿಮ್ಮ `robots.txt` ನೋಡಿದೆ. ಈ ವಿಭಾಗಗಳನ್ನು ಅದು ತಡೆದಿಲ್ಲ. ಆದರೆ ಅದನ್ನೇ ಒಪ್ಪಿಗೆ ಅಂತ ನಾನು ತೆಗೆದುಕೊಂಡಿಲ್ಲ. 1994ರಿಂದ ರೂಢಿಯಲ್ಲಿದ್ದ ಆ ಕಡತದ ನಿಯಮಗಳು 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಮಾನದಂಡವಾದವು, ಇವು ಪ್ರವೇಶದ ಅನುಮತಿ ಅಲ್ಲ ಎಂದು ಆ ಮಾನದಂಡವೇ ಹೇಳುತ್ತದೆ. ನಿಮ್ಮ ಬಳಕೆಯ ಷರತ್ತುಗಳಲ್ಲಿ ಲಿಖಿತ ಒಪ್ಪಿಗೆ ಇಲ್ಲದೆ ಪ್ರೋಗ್ರಾಮ್ ಮೂಲಕ ಮಾಹಿತಿ ತೆಗೆಯಬಾರದು ಎಂದಿದೆ. 2000ದ ಐಟಿ ಕಾಯ್ದೆಯ 43ನೇ ಕಲಮಿನಲ್ಲೂ ಮಾಲೀಕರ ಅನುಮತಿ ಇಲ್ಲದೆ ದತ್ತಾಂಶ ಇಳಿಸಿಕೊಳ್ಳುವ, ನಕಲು ಮಾಡುವ ಮಾತು ಬರುತ್ತದೆ. ಕಾನೂನಿನ ಮಾತು ಹಾಗಿರಲಿ. ವರ್ಷಗಟ್ಟಲೆ ಶ್ರಮಪಟ್ಟು ನೀವು ಕಟ್ಟಿದ್ದನ್ನು ಕೇಳದೆ ಮುಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಒಪ್ಪುವುದಾದರೆ ಈ ಸಾಲುಗಳನ್ನು ಆ ಕಡತಕ್ಕೆ ಸೇರಿಸಬಹುದು. ಆಗ ಪ್ರೋಗ್ರಾಮ್ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ:

```
User-agent: bhogya-adhyayana
Allow: /bhogya/
Allow: /badige/
Disallow: /
```

ಪ್ರೋಗ್ರಾಮ್ ಪ್ರತಿ ಸಲ ಶುರುವಾಗುವಾಗ ಮೊದಲು ಈ ಕಡತವನ್ನೇ ಓದುತ್ತದೆ. ನಿಲ್ಲಿಸಬೇಕು ಅನಿಸಿದ ದಿನ ಎರಡು `Allow` ಸಾಲುಗಳನ್ನು ತೆಗೆದುಬಿಡಿ, ಸಾಕು. ಕಾರಣ ಹೇಳಬೇಕಿಲ್ಲ.

ಇದಕ್ಕಿಂತ ಸುಲಭದ ದಾರಿಯೂ ಇದೆ. ತಿಂಗಳಿಗೊಮ್ಮೆ ನೀವೇ ಈ ನಾಲ್ಕು ಕಡೆಯ ಜಾಹೀರಾತುಗಳನ್ನು ಸಿಎಸ್‌ವಿ ಕಡತವಾಗಿ ತೆಗೆದು, ಹೆಸರು ಮತ್ತು ಫೋನ್ ಕಾಲಮ್ ಅಳಿಸಿ ಕಳಿಸಿದರೆ ಪ್ರೋಗ್ರಾಮೇ ಬೇಡ. ನಿಮಗೆ ಅದು ಜಾಸ್ತಿ ಕೆಲಸ ಅನ್ನಿಸದಿದ್ದರೆ ನನಗೆ ಅದೇ ಇಷ್ಟ. ತೆಗೆದುಹಾಕಿದ ಜಾಹೀರಾತುಗಳ ದಿನಾಂಕವೂ ಅದರಲ್ಲಿ ಸಿಕ್ಕರೆ, ಮನೆ ಎಷ್ಟು ದಿನ ಖಾಲಿ ಉಳಿಯಿತು ಅಂತ ಇನ್ನೂ ನಿಖರವಾಗಿ ಗೊತ್ತಾಗುತ್ತದೆ.

ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಚಿಂತೆ ಇರಬಹುದು, ಇದೆಲ್ಲ ಇನ್ನೊಂದು ವೆಬ್‌ಸೈಟಿನವರ ಕೈ ಸೇರಿದರೆ ಅಂತ. ಸಂಗ್ರಹಿಸಿದ ಕಡತ ನನ್ನ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದಿಲ್ಲ. ಯಾರಿಗೂ ಮಾರುವುದಿಲ್ಲ, ಕೊಡುವುದಿಲ್ಲ. ಪ್ರಕಟವಾಗುವುದು ಬಡಾವಣೆವಾರು ಸರಾಸರಿಗಳು ಮಾತ್ರ. ಹತ್ತಕ್ಕಿಂತ ಕಡಿಮೆ ಜಾಹೀರಾತು ಇರುವ ಬಡಾವಣೆಯನ್ನು ಪಕ್ಕದ್ದರ ಜೊತೆ ಸೇರಿಸುತ್ತೇನೆ, ಯಾವ ಮನೆಯೂ ಯಾವ ಮಾಲೀಕರೂ ಗುರುತು ಸಿಗಬಾರದು. ವರದಿ ಮುಗಿದ ಮೂರು ತಿಂಗಳಿಗೆ ಮೂಲ ಕಡತ ಅಳಿಸಿ ನಿಮಗೆ ತಿಳಿಸುತ್ತೇನೆ.

ವರದಿ ಕನ್ನಡದಲ್ಲಿ ಇರುತ್ತದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಜೊತೆಗೆ ಬಾಡಿಗೆ, ಅಡ್ವಾನ್ಸ್, ಭೋಗ್ಯದ ಮೊತ್ತ ಹಾಕಿದರೆ ಬಡ್ಡಿ ಎಷ್ಟು ಬೀಳುತ್ತದೆ ಎಂದು ತೋರಿಸುವ ಒಂದು ಪುಟದ ಪಟ್ಟಿಯನ್ನೂ ಮಾಡುತ್ತೇನೆ. ನಿಮ್ಮ ಓದುಗರಿಗೆ ಉಪಯೋಗ ಅನಿಸಿದರೆ ಅದನ್ನು ನಿಮ್ಮ ಭೋಗ್ಯದ ವಿಭಾಗದಲ್ಲೇ ಹಾಕಿಕೊಳ್ಳಿ. ನಿಮ್ಮ ವೆಬ್‌ಸೈಟಿನ ಹೆಸರು ಹೇಳಬೇಕೋ ಬೇಡವೋ ನೀವೇ ನಿರ್ಧರಿಸಿ. ಪ್ರಕಟಣೆಗೆ ಎರಡು ವಾರ ಮೊದಲು ಕರಡು ಕಳಿಸುತ್ತೇನೆ. ಸಂಗತಿಯಲ್ಲಿ ತಪ್ಪಿದ್ದರೆ ಖಂಡಿತ ತಿದ್ದುತ್ತೇನೆ. ಆದರೆ ಲೆಕ್ಕದಿಂದ ಬಂದ ಫಲಿತಾಂಶ ಯಾರಿಗೆ ಹಿಡಿಸದಿದ್ದರೂ ಹಾಗೇ ಇರುತ್ತದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಪ್ರೋಗ್ರಾಮಿನ ಕೋಡ್ ಚಿಕ್ಕದು, ಪೈಥಾನ್‌ನಲ್ಲಿದೆ. ಕೇಳಿದರೆ ಕಳಿಸುತ್ತೇನೆ, ನಿಮ್ಮ ತಾಂತ್ರಿಕ ಕೆಲಸ ನೋಡುವವರು ಓದಿ ನೋಡಲಿ. ಬೇಕಿದ್ದರೆ ಮೊದಲು 20 ಪುಟ ಮಾತ್ರ ತೆಗೆದು, ಏನು ಉಳಿಯಿತು ಅನ್ನುವ ಕಡತವನ್ನು ನಿಮಗೇ ತೋರಿಸುತ್ತೇನೆ. ಅದನ್ನು ನೋಡಿದ ಮೇಲೆ ಮುಂದಿನ ಮಾತು.

ಫೆಬ್ರವರಿ ಮೊದಲ ಭಾನುವಾರದಿಂದ ಶುರು ಮಾಡುವ ಆಸೆ ಇದೆ. ಈ ಮೇಲ್‌ಗೆ ‘ಒಪ್ಪಿಗೆ ಇದೆ’ ಎಂದು ಉತ್ತರ ಬರೆದು, ನಿಮ್ಮ ಷರತ್ತು ಏನಾದರೂ ಇದ್ದರೆ ಸೇರಿಸಿದರೆ ಸಾಕು. ಸ್ವಲ್ಪ ಮಾತಾಡಬೇಕು ಅನಿಸಿದರೆ ನಿಮ್ಮ ಕಚೇರಿಗೆ ಬರಲು ಸಿದ್ಧಳಿದ್ದೇನೆ, ಯಾವ ದಿನವಾದರೂ ಆದೀತು. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳುವುದಿಲ್ಲ. ಬೇಡ ಅಂದರೂ ಬೇಸರವಿಲ್ಲ, ವಿಜಯನಗರ ಒಂದನ್ನೇ ಇಟ್ಟುಕೊಂಡು ಬೀದಿ ಬೀದಿ ಸುತ್ತಿ, ಟು-ಲೆಟ್ ಬೋರ್ಡ್ ಹಾಕಿದವರನ್ನು ಕೇಳಿ ಬರೆದುಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ಸುಮಂಗಲಾ
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕಿ
ವಿಜಯನಗರ, ಬೆಂಗಳೂರು