ನಡುವಿನ ಪಿಲ್ಲರ್ 8 ಮಿ.ಮೀ. ಕುಸಿದಾಗ: ಮೂರು ಸಪೋರ್ಟ್ ಬೀಮ್‌ನ ಲೆಕ್ಕ

ಉತ್ತರಹಳ್ಳಿ ಕಡೆ ಒಂದು 30×40 ಸೈಟ್. ನೆಲಮಹಡಿಯಲ್ಲಿ ಮೂರು ಪಿಲ್ಲರ್ ಮೇಲೆ ಒಂದೇ ಬೀಮ್ ಹಾದು ಹೋಗಿದೆ. ನಡುವಿನ ಪಿಲ್ಲರ್‌ನ ಫೂಟಿಂಗ್ ಬಿದ್ದಿದ್ದು ಮುಚ್ಚಿದ ಹಳೇ ಬಾವಿಯ ಮೇಲೆ. ಅದು ಬಾವಿ ಅಂತ ಪಕ್ಕದ ಮನೆ ಅಜ್ಜಿಗೆ ಮಾತ್ರ ಗೊತ್ತಿತ್ತು. ಮಳೆಗಾಲ ಮುಗಿದ ಮೇಲೆ ಟ್ಯೂಬ್ ಲೆವೆಲ್ ಹಿಡಿದು ನೋಡಿದರೆ, ಆ ಪಿಲ್ಲರ್ ಅಕ್ಕಪಕ್ಕದ ಎರಡಕ್ಕಿಂತ 8 ಮಿ.ಮೀ. ಕೆಳಗೆ ಇಳಿದಿತ್ತು. ಎಂಟು ಮಿ.ಮೀ. ಅಂದ್ರೆ ಒಂದು ಪೆನ್ಸಿಲ್ ದಪ್ಪ. ಅಷ್ಟಕ್ಕೆ ಬೀಮ್‌ಗೆ ಏನಾಗುತ್ತೆ ಅನ್ನೋದನ್ನ ಫೋರ್ಸ್ ಮೆಥಡ್‌ನಲ್ಲಿ ಪೂರ್ತಿ ಮಾಡಿ ತೋರಿಸುತ್ತೇನೆ.

ಬೀಮ್‌ನ ಹೆಸರು ABC. AB = BC = 4 ಮೀ. ಮೂರೂ ಕಡೆ ಸರಳ ಸಪೋರ್ಟ್ ಅಂತ ಇಟ್ಟುಕೊಳ್ಳೋಣ. ಸ್ಲ್ಯಾಬ್, ಗೋಡೆ ಎಲ್ಲ ಸೇರಿ ಲೋಡ್ ಮೀಟರ್‌ಗೆ 24 kN. ಬೀಮ್ 230×450, ಕಾಂಕ್ರೀಟ್ M25. IS 456 ಪ್ರಕಾರ E = 5000√fck, ಅಂದರೆ 25,000 MPa.

```
I  = 0.23 × 0.45³ / 12 = 0.001747 m⁴
EI = 25×10⁶ × 0.001747 ≈ 43,660 kN·m²
```

ಮೊದಲೇ EI ಬರೆದಿಟ್ಟಿದ್ದಕ್ಕೆ ಕಾರಣ ಇದೆ. ಸಪೋರ್ಟ್ ಅಲುಗಾಡದೆ ಇದ್ದರೆ EI ಎರಡೂ ಕಡೆ ಹೊಡೆದು ಹೋಗುತ್ತೆ, ಅದರ ಬೆಲೆಯೇ ಬೇಕಾಗಲ್ಲ. ಹಾಗಾಗಿ ಎಷ್ಟೋ ಹುಡುಗರು ಸೆಟಲ್‌ಮೆಂಟ್ ಲೆಕ್ಕದಲ್ಲೂ EI ಬೆಲೆ ಹಾಕೋದನ್ನ ಮರೆಯುತ್ತಾರೆ. ಇಲ್ಲಿ ಅದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗೋಕಾಗಲ್ಲ.

ತಿಳಿಯದ ರಿಯಾಕ್ಷನ್ ಮೂರು, ಸಮತೋಲನದ ಸಮೀಕರಣ ಎರಡು. ಒಂದು ಹೆಚ್ಚು. ಆ ಹೆಚ್ಚಿನದು R_B ಅಂತ ಆರಿಸುತ್ತೇನೆ. ಕುಸಿದಿರೋದು B, ಹಾಗಾಗಿ ಅದನ್ನೇ ತೆಗೆದರೆ ಲೆಕ್ಕ ಕಣ್ಣಿಗೆ ಕಾಣುತ್ತೆ.

B ಅನ್ನು ತೆಗೆದುಬಿಡಿ. ಉಳಿಯೋದು A ಇಂದ C ವರೆಗೆ 8 ಮೀ. ಸರಳ ಬೀಮ್. ಲೋಡ್‌ಗೆ ಅದು ನಡುವೆ ಎಷ್ಟು ತಗ್ಗುತ್ತೆ?

```
Δ0 = 5wL⁴ / 384EI = 5 × 24 × 8⁴ / 384EI = 1280 / EI = 29.3 mm
```

ಈಗ ಲೋಡ್ ತೆಗೆದು, B ಜಾಗದಲ್ಲಿ ಕೆಳಗಿಂದ 1 kN ಮಾತ್ರ ತಳ್ಳಿ.

```
f = L³ / 48EI = 8³ / 48EI = 10.667 / EI = 0.2443 mm/kN
```

ಇನ್ನು ಮುಖ್ಯವಾದ ಸಾಲು. ಸಪೋರ್ಟ್ ಗಟ್ಟಿ ಇದ್ದರೆ B ಯ ತಗ್ಗು ಸೊನ್ನೆ. ನಮ್ಮ B 8 ಮಿ.ಮೀ. ಇಳಿದಿದೆ, ಬೀಮ್ ಅದರ ಮೇಲೇ ಕೂತಿದೆ. ಆದ್ದರಿಂದ ಬಲಗಡೆ ಬರೋದು 8. ತಗ್ಗನ್ನು ಕೆಳಮುಖವಾಗಿ ಪ್ಲಸ್ ಅಂತ ಹಿಡಿದರೆ:

```
Δ0 − f·R_B = 8
29.3 − 0.2443 R_B = 8
R_B = 87.25 kN
```

ಇಡೀ ವಿಧಾನ ಈ ಒಂದು ಸಾಲಿನಲ್ಲಿದೆ. ಬಲಗಡೆ ಸೊನ್ನೆ ಇಟ್ಟರೆ R_B = 120 kN, ಅಂದರೆ ಪುಸ್ತಕದ 1.25 × 24 × 4. ಸರಿ ಬಂತು ಅಲ್ವಾ. 8 ಮಿ.ಮೀ. ಇಳಿದಿದ್ದಕ್ಕೆ ಪಿಲ್ಲರ್ 32.75 kN ಭಾರ ಇಳಿಸಿಕೊಂಡಿತು. ಆ ಭಾರ ಅರ್ಧರ್ಧ A ಗೂ C ಗೂ ಹೋಯಿತು:

```
R_A = R_C = (192 − 87.25) / 2 = 52.375 kN
M_B = 52.375 × 4 − 24 × 4 × 2 = +17.5 kN·m
```

ಇಲ್ಲಿ ಸ್ವಲ್ಪ ನಿಲ್ಲಿ. ಗಟ್ಟಿ ಸಪೋರ್ಟ್ ಇದ್ದಾಗ M_B ಮೈನಸ್ 48, ಹಾಗಿಂಗ್. ಬೀಮ್‌ನ ಮೇಲ್ಭಾಗ ಎಳೆಯಲ್ಪಡುತ್ತೆ, ಅದಕ್ಕೇ ನಾವು ಪಿಲ್ಲರ್ ಮೇಲೆ ಟಾಪ್ ಕಂಬಿ ಕೊಡೋದು. ಈಗ ಅದೇ ಜಾಗದಲ್ಲಿ ಪ್ಲಸ್ 17.5, ಸ್ಯಾಗಿಂಗ್. ಎಳೆತ ಕೆಳಕ್ಕೆ ಬಂತು. ಅಲ್ಲಿ ಕಂಬಿ ಕಡಿಮೆ. ಹಳೇ ಪದ್ಧತಿಯಲ್ಲಿ ಬಾಟಮ್ ಕಂಬಿಯನ್ನ ಕ್ರ್ಯಾಂಕ್ ಮಾಡಿ ಮೇಲಕ್ಕೆ ಎತ್ತಿದ್ದರಂತೂ ಇನ್ನೂ ಕಡಿಮೆ.

ಸ್ಪ್ಯಾನ್ ಒಳಗೆ ಏನಾಯಿತು ಅಂತಲೂ ನೋಡಿ. ಶಿಯರ್ ಸೊನ್ನೆಯಾಗೋ ಜಾಗ 52.375/24 = 2.18 ಮೀ., ಅಲ್ಲಿನ ಮೊಮೆಂಟ್ 57.1 kN·m. ಮೊದಲು ಅದು 1.5 ಮೀ.ನಲ್ಲಿ 27 ಇತ್ತು. ಎರಡರಷ್ಟಕ್ಕಿಂತ ಜಾಸ್ತಿ! ಈ ಬೀಮ್‌ನ ಕಾಂಕ್ರೀಟ್ ಬಿರುಕು ಬಿಡೋ ಮೊಮೆಂಟ್ ಸುಮಾರು 27 (ಬಾಗುವಾಗಿನ ಎಳೆತದ ಮಿತಿ 0.7√25 = 3.5 MPa ಹಿಡಿದು). ಸೈಟ್‌ನಲ್ಲಿ ಏಣಿ ಹತ್ತಿ ಟಾರ್ಚ್ ಹಾಕಿ ನೋಡಿದಾಗ, ತಲೆಕೂದಲಿನಷ್ಟು ಸಣ್ಣ ಬಿರುಕುಗಳು ಬೀಮ್‌ನ ತಳದಲ್ಲೇ ಶುರುವಾಗಿ ಮೇಲಕ್ಕೆ ಹೋಗ್ತಾ ಮಾಯವಾಗಿದ್ದವು. ಟೇಪ್ ಹಿಡಿದೆ. ಕೊನೆಯ ಪಿಲ್ಲರ್‌ನಿಂದ ಎರಡು ಮೀಟರ್ ದಾಟಿದ ಮೇಲೆ ಒತ್ತೊತ್ತಾಗಿದ್ದವು. ಲೆಕ್ಕ ಹೇಳಿದ ಕಡೆಯೇ.

ಉತ್ತರವನ್ನ ಇನ್ನೊಂದು ದಾರಿಯಲ್ಲಿ ತಾಳೆ ನೋಡದೆ ಬಿಡಬೇಡಿ. M_B ಅನ್ನೇ ರಿಡಂಡೆಂಟ್ ಮಾಡಿ, B ಯಲ್ಲಿ ಒಂದು ಹಿಂಜ್ ಹಾಕಿ. ಲೋಡ್‌ಗೆ ಹಿಂಜ್ ಎರಡೂ ಕಡೆ ಸೇರಿ wL³/12EI = 128/EI ತಿರುಗುತ್ತೆ (ಇಲ್ಲಿ L ಅಂದರೆ 4). B ಇಳಿದಿದ್ದಕ್ಕೆ ಹಿಂಜ್ ತಿರುಗೋದು ಅದರ ವಿರುದ್ಧ ದಿಕ್ಕಿಗೆ, 2 × 0.008/4 = 0.004 ರೇಡಿಯನ್. ಒಂದು ಯೂನಿಟ್ ಮೊಮೆಂಟ್‌ಗೆ 2L/3EI = 2.667/EI. ಹಾಗಿಂಗ್ ಪ್ಲಸ್ ಅಂತ ಹಿಡಿದರೆ:

```
M_B = (128 − 0.004 × 43660) / 2.667 = 48 − 65.5 = −17.5
```

ಅದೇ ಉತ್ತರ. ಆ 65.5 ಬೇರೇನಲ್ಲ, 3EIΔ/L². ಇಲ್ಲಿ ಮಿ.ಮೀ. ಅನ್ನು ಮೀಟರ್ ಮಾಡೋದು ಮರೆತರೆ ಉತ್ತರ ಸಾವಿರ ಪಟ್ಟು ಕೆಡುತ್ತೆ. ನಾನು ತಿದ್ದಿರೋ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದೇ.

M_B ಸೊನ್ನೆಯಾಗೋಕೆ ಎಷ್ಟು ಇಳಿಯಬೇಕು? 8 × 48/65.5 = 5.9 ಮಿ.ಮೀ. IS 1904 ಆರ್‌ಸಿ ಕಟ್ಟಡದ ಬಿಡಿ ಫೂಟಿಂಗ್‌ಗಳ ನಡುವೆ ಬಿಡೋ ವ್ಯತ್ಯಾಸ 0.0015L. 4 ಮೀ.ಗೆ ಅದು 6 ಮಿ.ಮೀ. ಅಂದರೆ ಕೋಡ್ ಒಪ್ಪೋ ಮಿತಿಯೊಳಗೇ ನಮ್ಮ ಹಾಗಿಂಗ್ ಮೊಮೆಂಟ್ ಪೂರ್ತಿ ಅಳಿಸಿ ಹೋಗಬಹುದು. ಇದನ್ನ ಮೊದಲ ಸಲ ಲೆಕ್ಕ ಮಾಡಿದ ದಿನ ನನಗೆ ನಿಜಕ್ಕೂ ಗಾಬರಿಯಾಗಿತ್ತು. ಆವತ್ತಿಂದ ಸಪೋರ್ಟ್ ಮೇಲೆ ಎರಡು ಬಾಟಮ್ ಕಂಬಿಯನ್ನ ಕತ್ತರಿಸದೆ ನೇರ ಹಾಯಿಸಿಯೇ ಡ್ರಾಯಿಂಗ್ ಕೊಡೋದು.

ಗಾಬರಿ ಸ್ವಲ್ಪ ಕಡಿಮೆ ಮಾಡೋ ವಿಷಯವೂ ಇದೆ. ಬಿರುಕು ಬಿಟ್ಟ ಬೀಮ್‌ನ EI ಇಳಿಯುತ್ತೆ. ಅದು ಅರ್ಧವಾಯಿತು ಅಂತಿಟ್ಟುಕೊಳ್ಳಿ. ಲೋಡ್‌ನ 48 ಹಾಗೇ ಇರುತ್ತೆ, ಕುಸಿತದ ಪಾಲು 32.75ಕ್ಕೆ ಇಳಿಯುತ್ತೆ. M_B 15.25 ಹಾಗಿಂಗ್ ಆಗೇ ಉಳಿಯುತ್ತೆ. ತಿಂಗಳುಗಟ್ಟಲೆ ನಿಧಾನಕ್ಕೆ ಕುಸಿದರೆ ಕ್ರೀಪ್ ಇನ್ನಷ್ಟು ಸಡಿಲಿಸುತ್ತೆ. ಬೀಮ್ ಮೆತ್ತಗಿದ್ದಷ್ಟೂ ಕುಸಿತದ ಪೆಟ್ಟು ಕಡಿಮೆ. ಆದ್ದರಿಂದ ಕುಸಿಯೋ ಮಣ್ಣಿನ ಮೇಲೆ ಸುಮ್ನೆ ಬೀಮ್ ಆಳ ಹೆಚ್ಚಿಸಿದರೆ ಆ ಪೆಟ್ಟೂ ಜಾಸ್ತಿಯಾಗುತ್ತೆ. ಆಳವನ್ನ 600 ಮಾಡಿದರೆ EI ಸುಮಾರು 2.4 ಪಟ್ಟು, 3EIΔ/L² ಕೂಡ ಅಷ್ಟೇ ಪಟ್ಟು.

ಕೊನೆಗೆ, B ಬದಲು A 8 ಮಿ.ಮೀ. ಇಳಿದಿದ್ದರೆ? ಮೂರು ಸಪೋರ್ಟ್ ಒಟ್ಟಿಗೆ ಇಳಿದರೆ ಬೀಮ್‌ಗೆ ಏನೂ ಆಗಲ್ಲ. ಒಂದು ಕಡೆ ಓರೆಯಾದರೂ ಆಗಲ್ಲ. ಲೆಕ್ಕಕ್ಕೆ ಬರೋದು A–C ಗೆರೆಗೆ ಹೋಲಿಸಿದರೆ B ಎಲ್ಲಿದೆ ಅನ್ನೋದು ಮಾತ್ರ. A ಇಳಿದಾಗ ಆ ಗೆರೆ ನಡುವೆ 4 ಮಿ.ಮೀ. ಇಳಿಯುತ್ತೆ, B ಅದರಿಂದ 4 ಮಿ.ಮೀ. ಮೇಲೆ ಉಳಿಯುತ್ತೆ. ಬಲಗಡೆ −4 ಹಾಕಿ. R_B = 136.4 kN, M_B = −80.75. ಹಾಗಿಂಗ್ 48 ಇಂದ 80.75ಕ್ಕೆ ಏರಿತು. ಬಿರುಕು ಹುಡುಕಬೇಕಾದದ್ದು ಈಗ ಬೀಮ್‌ನ ತಳದಲ್ಲಲ್ಲ, ನಡುವಿನ ಪಿಲ್ಲರ್‌ನ ಮೇಲ್ಗಡೆ, ಮಹಡಿ ಟೈಲ್ಸ್‌ನ ಕೆಳಗೆ.