ವಿಷಯ: ಏಪ್ರಿಲ್ ಇನ್‌ಕ್ರಿಮೆಂಟ್‌ಗೆ ಮುಂಚೆ ನನ್ನ ಕೆಲಸ ಮತ್ತು ಸಂಬಳದ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿತ್ತು

ಬೆಂಗಳೂರು, 2 ಮಾರ್ಚ್ 2026

ಸರ್, ನಮಸ್ಕಾರ.

ಮಾರ್ಚ್ ಕೊನೆಯ ವಾರದಲ್ಲಿ ನೀವು ಎಲ್ಲರ ಇನ್‌ಕ್ರಿಮೆಂಟ್ ಪಟ್ಟಿ ಮಾಡುತ್ತೀರಿ. ಪಟ್ಟಿ ಟೈಪ್ ಮಾಡುವವಳು ನಾನೇ. ಅದರಲ್ಲಿ ನನ್ನ ಸಾಲಿನಲ್ಲಿ ಏನು ಬರಬೇಕು ಅನ್ನುವ ಬಗ್ಗೆ ಅದಕ್ಕೂ ಮುಂಚೆ ನಿಮ್ಮ ಜೊತೆ ಕೂತು ಮಾತಾಡಬೇಕು. ದುಡ್ಡಿನ ಮಾತು ಎದುರಿಗೆ ಕೂತಾಗ ಸರಿಯಾಗಿ ಬಾಯಿಗೆ ಬರುವುದಿಲ್ಲ, ನಡುವೆ ಶಾಪ್ ಫ್ಲೋರಿನಿಂದ ಫೋನ್ ಬಂದರೆ ಅಲ್ಲಿಗೇ ನಿಂತುಬಿಡುತ್ತದೆ. ಅದಕ್ಕೇ ಮೊದಲು ಬರೆದು ಕೊಡುತ್ತಿದ್ದೇನೆ. ನಿಮಗೆ ಸ್ಕ್ರೀನಿನಲ್ಲಿ ಓದಿ ಅಭ್ಯಾಸವಿಲ್ಲ ಅಂತ ಗೊತ್ತು. ಒಂದು ಪ್ರಿಂಟ್ ನಿಮ್ಮ ಟೇಬಲ್ ಮೇಲಿನ ನೀಲಿ ಫೈಲಿನಲ್ಲಿದೆ.

ನನ್ನ ಸಂಬಳ ಕೊನೆಯದಾಗಿ ಜಾಸ್ತಿಯಾಗಿದ್ದು ಏಪ್ರಿಲ್ 2024ರಲ್ಲಿ. ಈಗ ತಿಂಗಳಿಗೆ ₹33,800. ಕಳೆದ ವರ್ಷ ಎರಡು ಗ್ರಾಹಕರು ಶೆಡ್ಯೂಲ್ ಇಳಿಸಿದ್ದರಿಂದ ಆಫೀಸಿನ ಯಾರಿಗೂ ಇನ್‌ಕ್ರಿಮೆಂಟ್ ಆಗಲಿಲ್ಲ. ಆಗ ನಾನು ಏನೂ ಕೇಳಲಿಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ದಿನಾ ಬೆಳಿಗ್ಗೆ ನೋಡುವವಳಿಗೆ ಕಾರಣ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ವರ್ಷ ಆರ್ಡರ್ ಮತ್ತೆ ಬಂದಿದೆ, ಎರಡನೇ ಶಿಫ್ಟ್ ಓಡುತ್ತಿದೆ. ಹಾಗಾಗಿ ಕೇಳಲು ಇದು ಸರಿಯಾದ ಸಮಯ ಅನ್ನಿಸಿತು.

ಈ ವರ್ಷ ನಾನು ಮಾಡಿದ್ದರಲ್ಲಿ ಹೆಚ್ಚು ತೂಕವಿರುವುದು ಬಾಕಿ ವಸೂಲಿ, ಅದನ್ನೇ ಮೊದಲು ಹೇಳುತ್ತೇನೆ. 1 ಏಪ್ರಿಲ್ 2025ಕ್ಕೆ 90 ದಿನ ದಾಟಿದ ಬಾಕಿ ₹46.2 ಲಕ್ಷ ಇತ್ತು. ಫೆಬ್ರವರಿ ಕೊನೆಗೆ ಅದು ₹17.8 ಲಕ್ಷಕ್ಕೆ ಬಂದಿದೆ. ಮೊದಲು ನಾವು ಮಾಡುತ್ತಿದ್ದದ್ದು ಬರೀ ಫೋನ್. ಅವರು 'ಮುಂದಿನ ವಾರ' ಅನ್ನುತ್ತಿದ್ದರು, ನಾವು ಮುಂದಿನ ವಾರ ಮತ್ತೆ ಫೋನ್ ಮಾಡುತ್ತಿದ್ದೆವು. ಈ ವರ್ಷ ಪ್ರತಿ ಇನ್‌ವಾಯ್ಸ್ ಜೊತೆ ನಮ್ಮ ಉದ್ಯಮ್ ಸರ್ಟಿಫಿಕೇಟಿನ ಪ್ರತಿ ಕಳಿಸಲು ಶುರು ಮಾಡಿದೆ. ಇನ್‌ವಾಯ್ಸಿನ ಕೆಳಗೆ ನಾವು ಸ್ಮಾಲ್ ಎಂಟರ್‌ಪ್ರೈಸ್ ಅಂತ ಒಂದು ಸಾಲು ಹಾಕಿಸಿದೆ. ಆಮೇಲೆ ಗ್ರಾಹಕರ ಪರ್ಚೇಸ್‌ನವರನ್ನು ಬಿಟ್ಟು ಅವರ ಅಕೌಂಟ್ಸ್‌ನವರಿಗೆ ಬರೆದೆ.

ಇದು ಕೆಲಸ ಮಾಡಿದ್ದು ಇನ್‌ಕಮ್ ಟ್ಯಾಕ್ಸ್‌ನ 43ಬಿ(ಎಚ್) ನಿಯಮದಿಂದ. ನಮ್ಮಂಥ ಸಣ್ಣ ತಯಾರಕರ ಬಿಲ್ಲನ್ನು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಆ ಗಡುವು ದಾಟಿ ಮಾರ್ಚ್ 31ರ ತನಕವೂ ಬಾಕಿ ಉಳಿಸಿಕೊಂಡರೆ, ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ, ದುಡ್ಡು ಕೊಟ್ಟ ವರ್ಷದಲ್ಲೇ ಕಳೆಯಬೇಕು. ಅಂದರೆ ನಮ್ಮ ಬಿಲ್ ಬಾಕಿ ಇಟ್ಟುಕೊಂಡರೆ ಅವರ ಟ್ಯಾಕ್ಸ್ ಜಾಸ್ತಿ ಆಗುತ್ತದೆ. ಪರ್ಚೇಸ್‌ನವರಿಗೆ ಇದು ತಲೆಬಿಸಿಯಲ್ಲ, ಆದರೆ ಅಕೌಂಟ್ಸ್‌ನವರಿಗೆ ಅವರ ಆಡಿಟರ್ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಜಗಳ ಮಾಡದೆ, ಯಾರಿಗೂ ನೋಟಿಸ್ ಕೊಡದೆ ದುಡ್ಡು ಬಂತು. ಎಲ್ಲವೂ ನನ್ನಿಂದಲೇ ಆಯಿತು ಅಂತಲ್ಲ. ಹೊಸೂರಿನ ಗ್ರಾಹಕರ ₹7 ಲಕ್ಷ ನೀವು ಖುದ್ದು ಹೋಗಿ ಮಾತಾಡಿದ ಮೇಲೆ ಬಂದದ್ದು. ಅದನ್ನು ಶೀಟಿನಲ್ಲಿ ಬೇರೆಯಾಗಿಯೇ ತೋರಿಸಿದ್ದೇನೆ.

ಬಡ್ಡಿಯ ಲೆಕ್ಕವನ್ನೂ ನೋಡಿದೆ. ಬಾಕಿ ₹28.4 ಲಕ್ಷ ಇಳಿದಿದೆ, ನಮ್ಮ ಸಿಸಿ ಬಡ್ಡಿ 10.5%, ಆದ್ದರಿಂದ ವರ್ಷಕ್ಕೆ ಸುಮಾರು ₹3 ಲಕ್ಷ ಉಳಿಯಿತು ಅಂತ ಹೇಳಿಬಿಡಬಹುದು. ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜ ಅಲ್ಲ. ಬಾಕಿ ಒಂದೇ ದಿನ ಇಳಿಯಲಿಲ್ಲ, ತಿಂಗಳು ತಿಂಗಳು ಇಳಿಯಿತು. ಬ್ಯಾಂಕ್ ಬಡ್ಡಿಯ ಲೆಡ್ಜರ್ ಪ್ರಕಾರ ಈ 11 ತಿಂಗಳಲ್ಲಿ ಹಿಂದಿನ ವರ್ಷದ ಅದೇ 11 ತಿಂಗಳಿಗಿಂತ ₹1.64 ಲಕ್ಷ ಕಡಿಮೆ ಕಟ್ಟಿದ್ದೇವೆ. ನಾನು ಹೇಳುವುದು ಇಷ್ಟನ್ನೇ.

ಎರಡನೆಯದು ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್. ನಾವು ಸಪ್ಲೈಯರ್‌ಗೆ ಟ್ಯಾಕ್ಸ್ ಸಮೇತ ದುಡ್ಡು ಕೊಡುತ್ತೇವೆ. ಅವರು ರಿಟರ್ನ್ ಹಾಕದಿದ್ದರೆ ಆ ಬಿಲ್ ನಮ್ಮ 2ಬಿಯಲ್ಲಿ ಬರುವುದೇ ಇಲ್ಲ, ಕ್ರೆಡಿಟ್ ಹೋಯಿತು. 2024-25ರ ಪರ್ಚೇಸ್ ರಿಜಿಸ್ಟರನ್ನು 2ಬಿ ಜೊತೆ ಬಿಲ್ ಬಿಲ್ ಇಟ್ಟು ನೋಡಿದಾಗ 9 ಸಪ್ಲೈಯರ್‌ಗಳ ಬಳಿ ₹3.86 ಲಕ್ಷ ಸಿಕ್ಕಿಹಾಕಿಕೊಂಡಿತ್ತು. ಆ ವರ್ಷದ ಕ್ರೆಡಿಟ್ ತೆಗೆದುಕೊಳ್ಳಲು 30 ನವೆಂಬರ್ 2025 ಕೊನೆ. ಅಷ್ಟರೊಳಗೆ ₹3.41 ಲಕ್ಷ ಬಂತು. ಉಳಿದ ₹45,000 ಅಂಗಡಿಯನ್ನೇ ಮುಚ್ಚಿಕೊಂಡು ಹೋದ ಟೂಲಿಂಗ್ ಸಪ್ಲೈಯರ್‌ದು, ಅದು ಬರುವುದಿಲ್ಲ. ಬಿಲ್ 2ಬಿಯಲ್ಲಿ ಕಾಣುವ ತನಕ ಟ್ಯಾಕ್ಸ್ ಭಾಗವನ್ನು ತಡೆಹಿಡಿಯುವ ಕ್ರಮಕ್ಕೆ ನೀವು ಜೂನ್‌ನಲ್ಲಿ ಒಪ್ಪಿದಿರಿ. ಆಮೇಲಿನ ಬಿಲ್‌ಗಳಲ್ಲಿ ಒಂದು ರೂಪಾಯಿಯೂ ಹೀಗೆ ಹೋಗಿಲ್ಲ. ಮೊದಮೊದಲು ಸಪ್ಲೈಯರ್‌ಗಳು ನಿಮಗೆ ಫೋನ್ ಮಾಡಿ ನನ್ನ ಮೇಲೆ ದೂರು ಹೇಳಿದ್ದು ನಿಮಗೆ ನೆನಪಿರಬಹುದು. ನೀವು 'ಸವಿತಾ ಹೇಳಿದಂತೆ ಮಾಡಿ' ಅಂದದ್ದು ತುಂಬಾ ಅನುಕೂಲವಾಯಿತು.

ಸೆಪ್ಟೆಂಬರ್‌ನ ರೇಟ್ ಬದಲಾವಣೆ ಬಗ್ಗೆಯೂ ಹೇಳಬೇಕು. 22 ಸೆಪ್ಟೆಂಬರ್ 2025ರಿಂದ ನಮ್ಮ 8708 ಕೋಡಿನ ಐಟಂಗಳು 28%ನಿಂದ 18%ಗೆ ಬಂದವು. ಅದು ಸೋಮವಾರ, ಹಿಂದಿನ ದಿನ ಭಾನುವಾರ ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ಎಡೆ ಇಟ್ಟು, ಊಟ ಮುಗಿಸಿ ಮಧ್ಯಾಹ್ನ ಆಫೀಸಿಗೆ ಬಂದು ಟ್ಯಾಲಿಯಲ್ಲಿ ಒಂದೊಂದೇ ಐಟಂ ರೇಟ್ ಬದಲಿಸಿದೆ. ನಿಜವಾದ ಕೆಲಸ ಅದಕ್ಕಿಂತ ಮುಂಚಿನ ವಾರದ್ದು. ಗ್ರಾಹಕರ ಪಿಒದಲ್ಲಿ 28% ಅಂತಲೇ ಇದ್ದರೆ ನಮ್ಮ 18%ರ ಬಿಲ್ಲನ್ನು ಅವರ ಗೇಟಿನಲ್ಲಿ ಸಿಸ್ಟಂ ತೆಗೆದುಕೊಳ್ಳುವುದಿಲ್ಲ. ತೆರೆದಿದ್ದ ಪಿಒಗಳನ್ನೆಲ್ಲ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಮೇಲ್ ಹಾಕಿ ತಿದ್ದುಪಡಿ ತರಿಸಿದೆ. ಸೋಮವಾರ ಹೋದ ಗಾಡಿಗಳಲ್ಲಿ ಒಂದೂ ವಾಪಸ್ ಬರಲಿಲ್ಲ. ಹಳೆಯ ರೇಟಿನಲ್ಲಿ ಹೋದ ಮಾಲು ರಿಜೆಕ್ಟ್ ಆಗಿ ಬಂದಾಗ ಕ್ರೆಡಿಟ್ ನೋಟ್ ಹಳೆಯ 28%ರಲ್ಲೇ ಹಾಕಬೇಕು. ಅದನ್ನೂ ಡಿಸ್ಪ್ಯಾಚ್ ಹುಡುಗರಿಗೆ ಹೇಳಿಕೊಟ್ಟು, ಬೋರ್ಡಿಗೆ ಅಂಟಿಸಿದ್ದೇನೆ.

ಜಾಬ್‌ವರ್ಕ್ ಚಲನ್‌ಗಳ ವಿಷಯ ನಿಮಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಹೀಟ್ ಟ್ರೀಟ್‌ಮೆಂಟ್‌ಗೆ, ಪ್ಲೇಟಿಂಗ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕವಾಗಿ ಟ್ಯಾಕ್ಸ್ ಬೀಳುತ್ತದೆ. ನಮ್ಮಲ್ಲಿ 212 ಚಲನ್ ತೆರೆದೇ ಇದ್ದವು. ಹೆಚ್ಚಿನವು ಬರೀ ಬರವಣಿಗೆಯ ಸಮಸ್ಯೆ, ಮಾಲು ಬಂದಿತ್ತು, ಚಲನ್ ನಂಬರ್ ಹಾಕಿರಲಿಲ್ಲ. ಆದರೆ 640 ಬುಷ್‌ಗಳ ಲೆಕ್ಕ ಹೇಗೆ ನೋಡಿದರೂ ಕೂಡಲಿಲ್ಲ. ಸ್ಟೋರ್ಸಿನ ಮಂಜುನಾಥ್ ಮತ್ತು ನಾನು ಪೀಣ್ಯ ಎರಡನೇ ಹಂತದ ಪ್ಲೇಟಿಂಗ್ ಶಾಪಿಗೇ ಹೋದೆವು. ಹಿಂದಿನ ಗೋಡೆಯ ಹತ್ತಿರ, ಬೇರೆಯವರ ಟ್ರೇಗಳ ಅಡಿಯಲ್ಲಿ ನಮ್ಮ ಹಸಿರು ಟ್ಯಾಗ್ ಇರುವ ನಾಲ್ಕು ಟ್ರೇ ಸಿಕ್ಕವು. ಟ್ಯಾಗಿನ ಮೇಲೆ ಆಸಿಡ್ ಬಿದ್ದು ಪಾರ್ಟ್ ನಂಬರ್ ಅರ್ಧ ಅಳಿಸಿಹೋಗಿತ್ತು. ಮಂಜುನಾಥ್ ಬೋರ್ ಸೈಜ್ ಅಳೆದು ನಮ್ಮವೇ ಅಂತ ಖಚಿತ ಮಾಡಿದರು. ₹1.12 ಲಕ್ಷದ ಮಾಲು. ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಅವರದ್ದು, ಅವರ ಹಾಳೆ ನಿಮ್ಮ ಮುಂದೆ ಬಂದಾಗ ದಯವಿಟ್ಟು ಇದನ್ನು ನೋಡಿ.

ಇನ್ನು ಪೇರೋಲ್. ಲತಾ ಜೂನ್ ಕೊನೆಗೆ ಬಿಟ್ಟ ಮೇಲೆ 58 ಜನರ ಹಾಜರಿ, ಓಟಿ, ಸಂಬಳ, ಪಿಎಫ್, ಇಎಸ್‌ಐ ಎಲ್ಲ ನನ್ನ ಬಳಿ ಇದೆ. 'ಎರಡು ತಿಂಗಳು ನೋಡಿಕೊಳ್ಳಿ' ಅಂತ ಮೇಡಂ ಹೇಳಿದ್ದರು, ಈಗ ಎಂಟು ತಿಂಗಳಾಯಿತು. ಪ್ರತಿ ತಿಂಗಳು 15ರೊಳಗೆ ಪಿಎಫ್, ಇಎಸ್‌ಐ ಕಟ್ಟಾಗಿದೆ, ದಂಡ ಬಿದ್ದಿಲ್ಲ. ಆಯುಧ ಪೂಜೆಗೆ ಮುಂಚೆ ಬೋನಸ್ ಕೂಡ ಕೈಸೇರಿದೆ. ಲತಾ ಸಂಬಳ ₹19,000 ಇತ್ತು, ಎಂಟು ತಿಂಗಳಿಗೆ ₹1.52 ಲಕ್ಷ. ಅದನ್ನೆಲ್ಲ ನನಗೆ ಕೊಡಿ ಅಂತ ಕೇಳುತ್ತಿಲ್ಲ. ಆದರೆ ಆ ಕೆಲಸ ಯಾರೋ ಮಾಡುತ್ತಿದ್ದಾರೆ, ಅಲ್ವಾ? ತಾತ್ಕಾಲಿಕ ಅಂತ ಬಂದದ್ದು ಸುಮ್ನೆ ನನ್ನ ಖಾಯಂ ಕೆಲಸವಾಗಿಬಿಡುವುದಕ್ಕಿಂತ ಅದನ್ನು ಒಮ್ಮೆ ತೀರ್ಮಾನಿಸುವುದು ಒಳ್ಳೆಯದು.

ನಾನು ಕೇಳುತ್ತಿರುವುದು ಏಪ್ರಿಲ್‌ನಿಂದ ₹42,000. ತಿಂಗಳಿಗೆ ₹8,200, ವರ್ಷಕ್ಕೆ ₹98,400 ಜಾಸ್ತಿ. ಶೇಕಡಾ ಲೆಕ್ಕದಲ್ಲಿ 24ರ ಸುತ್ತ ಬರುತ್ತದೆ, ಕೇಳಿದ ತಕ್ಷಣ ಜಾಸ್ತಿ ಅನ್ನಿಸುವ ಸಂಖ್ಯೆ ಅಂತ ನನಗೂ ಗೊತ್ತು. ಆದರೆ ಇದು ಎರಡು ವರ್ಷದ್ದು ಮತ್ತು ಪೇರೋಲ್ ಸೇರಿಸಿದ್ದು. ಒಂದೇ ಸಲ ಕಷ್ಟವಾದರೆ ಏಪ್ರಿಲ್‌ನಿಂದ ₹38,500, ಅಕ್ಟೋಬರ್‌ನಿಂದ ಉಳಿದದ್ದು ಅಂತ ಮಾಡಬಹುದು. ಹಾಗೆ ಮಾಡಿದರೆ ಲೆಟರಿನಲ್ಲಿ ಎರಡೂ ತಾರೀಖು ಬರಬೇಕು ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಅಥವಾ ಪೇರೋಲ್‌ಗೆ ಬೇರೆ ಒಬ್ಬರನ್ನು ತೆಗೆದುಕೊಳ್ಳುವ ಯೋಚನೆ ಇದ್ದರೆ ನಾನು ಕೇಳುವ ಮೊತ್ತವೂ ಕಡಿಮೆಯಾಗುತ್ತದೆ. ಅವರಿಗೆ ಕೆಲಸ ಕಲಿಸಿಕೊಡುತ್ತೇನೆ.

ಇನ್ನೊಂದು ವಿಷಯ. ಹೊಸ ಲೇಬರ್ ಕೋಡ್‌ಗಳು 21 ನವೆಂಬರ್ 2025ರಿಂದ ಜಾರಿಗೆ ಬಂದಿರುವುದರಿಂದ ಎಲ್ಲರ ಬೇಸಿಕ್, ಅಲೋವೆನ್ಸ್ ಹಂಚಿಕೆಯನ್ನು ಹೇಗೂ ಒಮ್ಮೆ ನೋಡಬೇಕು. ನಮ್ಮ ಆಡಿಟರ್ ಕೂಡ ಹೇಳಿದ್ದಾರೆ. ಆ ಕೆಲಸ ಮತ್ತು ಇನ್‌ಕ್ರಿಮೆಂಟ್ ಬೆರೆತುಹೋಗದ ಹಾಗೆ ನೋಡಿಕೊಂಡರೆ ಒಳ್ಳೆಯದು. ಹಂಚಿಕೆ ಬದಲಾಗಿ ಕಾಗದದಲ್ಲಿ ಬೇಸಿಕ್ ಏರಿ, ಕೈಗೆ ಬರುವುದು ಅಷ್ಟೇ ಉಳಿದರೆ ಶಾಪ್ ಫ್ಲೋರಿನವರು ಮೊದಲು ನನ್ನನ್ನೇ ಕೇಳುತ್ತಾರೆ.

ಬೇರೆ ಕಡೆಯ ಆಫರ್ ಜೇಬಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿಲ್ಲ. ನೀವು ಇಲ್ಲ ಅಂದರೂ ಮಾರ್ಚ್ ಕ್ಲೋಸಿಂಗ್ ಎಂದಿನ ಹಾಗೆ ಮುಗಿಯುತ್ತದೆ. ಆದರೆ ಇಲ್ಲ ಅನ್ನುವುದಾದರೆ ಯಾವ ಕೆಲಸ ಸಾಲದು, ಮುಂದಿನ ಸಲ ಏನು ನೋಡುತ್ತೀರಿ ಅಂತ ಹೇಳಿದರೆ ನನಗೆ ಸ್ಪಷ್ಟವಾಗುತ್ತದೆ. ನನ್ನ ಕೆಲಸದಲ್ಲಿ ನಿಮಗೆ ಸರಿ ಬರದ್ದು ಇದ್ದರೆ ಅದನ್ನೂ ಅವತ್ತೇ ಹೇಳಿ.

ಶನಿವಾರ 7ನೇ ತಾರೀಖು ಅಥವಾ ಮಂಗಳವಾರ 10ನೇ ತಾರೀಖು ಸಂಜೆ 4ರ ಮೇಲೆ ನಿಮಗೆ ಆಗುತ್ತದಾ ಸರ್? 19ಕ್ಕೆ ಯುಗಾದಿ, ಮರುದಿನವೇ 3ಬಿ ಕೊನೆಯ ದಿನ, ಆಮೇಲೆ ಕ್ಲೋಸಿಂಗ್ ಗಡಿಬಿಡಿ. ಅದಕ್ಕೆ ಮುಂಚೆ ಆದರೆ ಅನುಕೂಲ. ಪೇರೋಲ್ ಮಾತು ಇರುವುದರಿಂದ ಮೇಡಂ ಕೂಡ ಇದ್ದರೆ ಒಳ್ಳೆಯದು, ಈ ಪತ್ರದ ಒಂದು ಪ್ರತಿ ಅವರಿಗೂ ಕೊಟ್ಟಿದ್ದೇನೆ.

ಇಂತಿ,
ಸವಿತಾ
ಸೀನಿಯರ್ ಅಕೌಂಟ್ಸ್ ಅಸಿಸ್ಟೆಂಟ್

ಜೊತೆಗೆ ಇಟ್ಟಿರುವ ಹಾಳೆಗಳು: ಗ್ರಾಹಕವಾರು ಬಾಕಿ ಪಟ್ಟಿ (ಏಪ್ರಿಲ್ 2025 ಮತ್ತು ಫೆಬ್ರವರಿ 2026), ಎರಡೂ ವರ್ಷದ ಬ್ಯಾಂಕ್ ಬಡ್ಡಿ ಲೆಡ್ಜರ್, 9 ಸಪ್ಲೈಯರ್‌ಗಳ ಕ್ರೆಡಿಟ್ ವಿವರ, ಜಾಬ್‌ವರ್ಕ್ ಚಲನ್ ಪಟ್ಟಿ, ಜುಲೈನಿಂದ ಫೆಬ್ರವರಿ ತನಕದ ಪಿಎಫ್, ಇಎಸ್‌ಐ ಚಲನ್‌ಗಳು.