ಸುಹಾಸನಿಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಕೇಳಲು ಒಂದಿಷ್ಟು ಹಾಡು

ಮೂಡಿಗೆರೆ
ಮಾರ್ಚ್ ಮೊದಲ ವಾರ

ಪ್ರೀತಿಯ ಸುಹಾಸ,

ನಿಮ್ಮತ್ತೆ ಫೋನ್ ಮಾಡಿದ್ದಳು. ರಾತ್ರಿ ಹನ್ನೆರಡಾದರೂ ನಿನ್ನ ರೂಮಿನ ಲೈಟ್ ಆರುವುದಿಲ್ಲವಂತೆ, ಬೆಳಗ್ಗೆ ಅರ್ಧ ಅಕ್ಕಿರೊಟ್ಟಿ ತಟ್ಟೆಯಲ್ಲೇ ಬಿಟ್ಟು ಏಳುತ್ತೀಯಂತೆ, ಏನಾದರೂ ಕೇಳಿದರೆ ಸಿಡುಕುತ್ತೀಯಂತೆ. ಬೈಯಲು ಬರೆಯುತ್ತಿಲ್ಲ ಕಣೋ. ನಾನೇ ಹಾಸನಕ್ಕೆ ಬರೋಣ ಅಂದರೆ ಇಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಸಮಯ. ಹೂವಿನ ಮಳೆ ಕೈಕೊಟ್ಟಿದೆ, ರಾತ್ರಿಯೆಲ್ಲ ಮೋಟಾರ್ ಕಾಯಬೇಕು. ತೋಟದ ರೈಟರ್ ಕೆಲಸ ಅಂದರೆ ನಿನಗೆ ಗೊತ್ತೇ ಇದೆ. ಅದಕ್ಕೆ ಕಾಗದ. ಜೊತೆಗೆ ಒಂದು ಮೆಮೊರಿ ಕಾರ್ಡ್.

ಕಾರ್ಡಿನ ತುಂಬಾ ಹಾಡುಗಳಿವೆ. ಅತ್ತೆಯ ಅಡುಗೆಮನೆಯಲ್ಲಿ ಆ ಚಿಕ್ಕ ಸ್ಪೀಕರ್ ಇದೆಯಲ್ಲ, ಅದಕ್ಕೆ ಹಾಕಿಕೋ. ಫೋನಲ್ಲಿ ಬೇಡ. ಹಾಡು ಕೇಳೋಣ ಅಂತ ಫೋನ್ ಎತ್ತಿದರೆ ಮೊದಲು ಒಂದು ರೀಲ್ಸ್, ಆಮೇಲೆ ನಿಮ್ಮ ಕ್ಲಾಸ್ ಗ್ರೂಪು, ಅಲ್ಲಿ ಯಾರೋ ಹಾಕಿದ 'ಗ್ಯಾರಂಟಿ ಬರುವ ಪ್ರಶ್ನೆಗಳು', ಅದನ್ನು ನೋಡಿ ಮತ್ತೆ ಎದೆ ಡವಡವ. ಹಾಡು ಕೇಳಿದ್ದೂ ಆಗಲ್ಲ, ಓದಿದ್ದೂ ಆಗಲ್ಲ. ಸ್ಪೀಕರಿಗೆ ಹಾಡೋದು ಬಿಟ್ಟು ಬೇರೆ ಏನೂ ಬರಲ್ಲ, ಅದೇ ಅದರ ದೊಡ್ಡ ಗುಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದೊಂದನ್ನು ಕೇಳಿದರೆ ಸಾಕು. ಓದುವಾಗ ಹಾಡು ಬೇಡ. ನಿಮ್ಮ ವಯಸ್ಸಿನವರಿಗೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಓದುವ ಅಭ್ಯಾಸ, ಗೊತ್ತು. ಆದರೆ ಹಾಡಲ್ಲೂ ಮಾತಿದೆ, ಪುಸ್ತಕದಲ್ಲೂ ಮಾತಿದೆ. ಎರಡು ಮಾತು ಒಟ್ಟಿಗೆ ತಲೆಗೆ ಇಳಿಯಲ್ಲ. ಸಮಾಜ ವಿಜ್ಞಾನ ಓದುವಾಗಲಂತೂ ಹಾಡಿನ ಸಾಲು ಬಂದು ಪಾಠದ ಸಾಲನ್ನು ತಳ್ಳಿಬಿಡುತ್ತದೆ. ಲೆಕ್ಕ ಮಾಡುವಾಗ ಪಕ್ಕದಲ್ಲಿ ಏನಾದರೂ ಸದ್ದು ಬೇಕೇ ಬೇಕು ಅನ್ನಿಸಿದರೆ ಮಾತಿಲ್ಲದ್ದು ಹಾಕಿಕೋ. ಅದಕ್ಕೇ ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದ್ದೇನೆ. ನಮ್ಮ ಹಾಸನ ಜಿಲ್ಲೆಯಲ್ಲೇ ಹುಟ್ಟಿದವರು. ತೀರಾ ಸಣ್ಣಗೆ ಇಡು, ಫ್ಯಾನಿನ ಸದ್ದಿಗಿಂತ ಕಡಿಮೆ. ಮೊದಲ ದಿನ ಬೋರ್ ಹೊಡೆಯುತ್ತದೆ. ಬೋರ್ ಹೊಡೆಯಲಿ, ಆಗಲೇ ಗಮನ ಲೆಕ್ಕದ ಮೇಲೆ ಇರೋದು.

ಉಳಿದದ್ದೆಲ್ಲ ಪುಸ್ತಕ ಮುಚ್ಚಿದ ಮೇಲೆ.

ಬೆಳಗ್ಗೆ ಎದ್ದು ಮುಖ ತೊಳೆಯುವಾಗ 'ಮೂಡಲ ಮನೆಯ'. ಬೇಂದ್ರೆಯವರ ಪದ್ಯ. 1967ರಲ್ಲಿ ಬಂದ 'ಬೆಳ್ಳಿ ಮೋಡ' ಸಿನಿಮಾದಲ್ಲೂ ಇದೆ. ಅಷ್ಟು ಹಳೇದಾ ಅಂತ ಮೂಗು ಮುರಿಯಬೇಡ. ಬೆಳಗಾಗುವುದನ್ನು ಇಷ್ಟು ನಿಧಾನವಾಗಿ, ಒಂಚೂರೂ ಅವಸರವಿಲ್ಲದೆ ಹೇಳುವ ಹಾಡು ಇನ್ನೊಂದು ನನಗಂತೂ ಗೊತ್ತಿಲ್ಲ. ನೀನು ಕಣ್ಣು ಬಿಟ್ಟ ತಕ್ಷಣ 'ಇನ್ನೂ ಎಷ್ಟು ಪಾಠ ಬಾಕಿ' ಅಂತ ಲೆಕ್ಕ ಹಾಕುತ್ತೀಯಲ್ಲ, ಆ ಲೆಕ್ಕವನ್ನು ನಾಲ್ಕೈದು ನಿಮಿಷ ಮುಂದಕ್ಕೆ ಹಾಕಿದರೂ ಲಾಭವೇ.

ಈಗ ಮುಖ್ಯವಾದದ್ದು. ಕನಕದಾಸರ 'ತಲ್ಲಣಿಸದಿರು ಕಂಡ್ಯ ತಾಳು ಮನವೇ'. ಚಿಕ್ಕವನಿದ್ದಾಗ ಅಜ್ಜಿ ಹೇಳುತ್ತಿದ್ದರು, ನೆನಪಿರಬೇಕು. ಇದನ್ನು ಬೇರೆಯವರು ನಮಗೆ ಹೇಳುವ ಬುದ್ಧಿಮಾತು ಅಂದುಕೊಂಡರೆ ಸಪ್ಪೆ. ಕನಕದಾಸರು ಮಾತಾಡಿರೋದು ತಮ್ಮ ಮನಸ್ಸಿನ ಜೊತೆಗೇ. ಅಂದರೆ ಅವರಿಗೂ ತಲ್ಲಣ ಇತ್ತು ಅಂತಾಯಿತು, ಅಲ್ವಾ? ಇಲ್ಲದಿದ್ದರೆ ಯಾಕೆ ಸಮಾಧಾನ ಮಾಡಬೇಕಿತ್ತು? ಅದರಲ್ಲಿ 'ಬೆಟ್ಟದ ತುದಿಯಲ್ಲಿ ಹುಟ್ಟಿರುವ ವೃಕ್ಷಕ್ಕೆ ಕಟ್ಟೆಯನು ಕಟ್ಟಿ ನೀರೆರೆದವರು ಯಾರು' ಅಂತ ಕೇಳುತ್ತಾರೆ. ಬಾಬಾಬುಡನ್‌ಗಿರಿ ಕಡೆ ಹೋದಾಗ ಗಾಳಿಗೆ ಸೊಟ್ಟಗೆ ಬೆಳೆದು ನಿಂತ ಮರಗಳನ್ನು ನೋಡಿದ್ದೀಯಲ್ಲ, ನನಗೆ ಈ ಸಾಲು ಕೇಳಿದಾಗಲೆಲ್ಲ ಅವೇ ಕಣ್ಣಿಗೆ ಬರುತ್ತವೆ. ದೇವರನ್ನು ನಂಬುತ್ತೀಯೋ ಬಿಡುತ್ತೀಯೋ, ಅದು ನಿನಗೆ ಬಿಟ್ಟದ್ದು. ಹಾಡನ್ನು ಮಾತ್ರ ಬಾಯಿಪಾಠ ಮಾಡಿಕೋ. ಯಾಕೆ ಅಂದರೆ ಪರೀಕ್ಷಾ ಕೊಠಡಿಗೆ ಸ್ಪೀಕರ್ ಬರಲ್ಲ, ಬಾಯಿಪಾಠ ಬರುತ್ತದೆ. ಪ್ರಶ್ನೆಪತ್ರಿಕೆ ಓದಲು 15 ನಿಮಿಷ ಕೊಡುತ್ತಾರಲ್ಲ, ಮೊದಲ ಪ್ರಶ್ನೆಯೇ ಕಷ್ಟ ಅನ್ನಿಸಿ ಕೈ ತಣ್ಣಗಾದರೆ ಪೆನ್ ಕೆಳಗಿಡು, ಮನಸ್ಸಲ್ಲೇ ಪಲ್ಲವಿಯನ್ನು ಎರಡು ಸಲ ಹೇಳಿಕೋ, ಒಂದು ಸಾಲಿಗೆ ಒಂದು ಉಸಿರು. ಗಾಬರಿಯಾದಾಗ ಉಸಿರು ಚಿಕ್ಕದಾಗುತ್ತದೆ. ಅದನ್ನು ಉದ್ದ ಮಾಡಿದರೆ ಎದೆ ಬಡಿತ ತಾನಾಗೇ ಇಳಿಯುತ್ತದೆ.

ಸಂಜೆ ಓದಿ ಓದಿ ತಲೆ ಗಿಂ ಅಂದಾಗ ಬೇಕಾಗೋದು ಬೇರೆ ಥರದ ಹಾಡು. ಬಾಗಿಲು ಹಾಕಿಕೊಂಡು 'ಕೋಡಗನ ಕೋಳಿ ನುಂಗಿತ್ತ' ಹಾಕು. ಶಿಶುನಾಳ ಶರೀಫರ ತತ್ವಪದ, ಸಿ. ಅಶ್ವತ್ಥ್ ದನಿ. ಅಶ್ವತ್ಥ್ ಯಾವ ಊರಿನವರು ಗೊತ್ತಾ? ನಮ್ಮ ಚನ್ನರಾಯಪಟ್ಟಣ. ನಿನ್ನ ರೂಮಿಂದ ಬಸ್ಸಲ್ಲಿ ಒಂದು ಗಂಟೆ ದಾರಿ! ಆ ಪದಕ್ಕೆ ಒಳಗೆ ದೊಡ್ಡ ಅರ್ಥ ಇದೆಯಂತೆ, ಗುರು, ಆತ್ಮ ಎಲ್ಲ. ಅದನ್ನು ಪಿಯುಸಿಗೆ ಹೋದ ಮೇಲೆ ನೋಡಿಕೊಳ್ಳೋಣ. ಈಗ ಸುಮ್ನೆ ಅವರ ಜೊತೆ ಗಂಟಲು ಬಿಚ್ಚಿ ಹಾಡು. ಶ್ರುತಿ ತಪ್ಪಿದರೆ ಅತ್ತೆಯೇನೂ ಮಾರ್ಕ್ಸ್ ಕಟ್ ಮಾಡಲ್ಲ. ಕೇಳೋದಕ್ಕಿಂತ ಹಾಡೋದರಿಂದ ಜಾಸ್ತಿ ಹಗುರ ಆಗುತ್ತದೆ ಅನ್ನೋದು ನನ್ನ ಅನುಭವ. ತೋಟದಲ್ಲಿ ಹೆಣ್ಣಾಳುಗಳು ಇಡೀ ದಿನ ಹಣ್ಣು ಕೊಯ್ಯುತ್ತಾ ಹಾಡಿಕೊಳ್ಳುವುದು ಸುಮ್ನೆ ಅಲ್ಲ.

ನಿನ್ನ ಕಾಲದ ಹಾಡೂ ಇದೆ ಮಾರಾಯ, ಅಪ್ಪ ಬರೀ ಹಳೇದೇ ತುಂಬಿದ್ದಾನೆ ಅಂದುಕೊಳ್ಳಬೇಡ. 'ಕಿರಿಕ್ ಪಾರ್ಟಿ'ಯ 'ಬೆಳಗೆದ್ದು ಯಾರ ಮುಖವ' ಹಾಕಿದ್ದೇನೆ. ಆ ಸಿನಿಮಾದ ಕಾಲೇಜು ಯಾವುದು ಅಂತ ನಿನಗೆ ಹೇಳಬೇಕಿಲ್ಲ, ದಿನಾ ಟ್ಯೂಷನ್‌ಗೆ ಹೋಗುವಾಗ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನ ಮುಂದೆಯೇ ಹೋಗುತ್ತೀಯ. 'ಕೆಜಿಎಫ್'ನ 'ಸಲಾಂ ರಾಕಿ ಭಾಯ್' ಕೂಡ ಇದೆ, ಯಶ್ ನಮ್ಮ ಜಿಲ್ಲೆಯವನು ಅನ್ನೋ ನಿನ್ನ ಜಂಬಕ್ಕಾಗಿ. ಅದು ಸ್ನಾನದ ಹೊತ್ತಿಗೆ ಸರಿ. ಮಲಗುವ ಮುಂಚೆ ಕೇಳಿದರೆ ನಿದ್ದೆ ಬರಲ್ಲ, ಗೋಡೆಗೆ ಗುದ್ದಬೇಕು ಅನ್ನಿಸುತ್ತದೆ.

ಪರೀಕ್ಷೆಗೆ ಹೊರಡುವ ಬೆಳಗ್ಗೆ ಒಂದೇ ಹಾಡು ಸಾಕು. ಎಲ್ಲರೂ 'ಆಗದು ಎಂದು ಕೈಲಾಗದು ಎಂದು' ಹಾಕು ಅಂತಾರೆ. 1972ರ 'ಬಂಗಾರದ ಮನುಷ್ಯ', ಪಿ.ಬಿ. ಶ್ರೀನಿವಾಸ್ ಹಾಡಿದ್ದು, ಒಳ್ಳೇ ಹಾಡೇ, ಶಾಲಾ ವಾರ್ಷಿಕೋತ್ಸವದಲ್ಲಿ ಅದಿಲ್ಲದೆ ಆಗಲ್ಲ. ಆದರೆ ನಿನ್ನಂಥವನಿಗೆ ಅದು ಆವತ್ತು ಬೇಡ ಅಂತ ನನ್ನ ಅಭಿಪ್ರಾಯ. ಸೋಮಾರಿಯನ್ನು ಎಬ್ಬಿಸುವ ಹಾಡು ಅದು. ನೀನು ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಎದ್ದು ಕೂತಿದ್ದೀಯ. ನಿನಗೆ 'ಬಿಸಿಲೇ ಇರಲಿ ಮಳೆಯೇ ಬರಲಿ' ಒಳ್ಳೇದು. 'ಬೆಟ್ಟದ ಹೂವು' ಸಿನಿಮಾದ್ದು, ಪುಟಾಣಿ ಅಪ್ಪು ತನ್ನದೇ ದನಿಯಲ್ಲಿ ಹಾಡಿರೋದು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಕಾಡು ಸುತ್ತಿ ಹೂ ತಂದು ಮಾರಿ ದುಡ್ಡು ಕೂಡಿಸುವ ಬಡ ಹುಡುಗನ ಕಥೆ. ಆ ದನಿಯಲ್ಲಿ ಭಯವೂ ಇಲ್ಲ, ಹಟವೂ ಇಲ್ಲ, ನಡೆಯುವ ಖುಷಿ ಮಾತ್ರ ಇದೆ. ಹಾಡು ಪೂರ್ತಿ ಮುಗಿಸಿಯೇ ಹೊರಡು, ಅರ್ಧಕ್ಕೆ ನಿಲ್ಲಿಸಿದರೆ ಅದೇ ಸಾಲು ಪರೀಕ್ಷೆಯಲ್ಲೂ ತಲೆಯೊಳಗೆ ಗಿರಗಿರ ಸುತ್ತುತ್ತದೆ. ಹೊಸ ಹಾಡು ಯಾವುದನ್ನೂ ಆವತ್ತು ಮುಟ್ಟಬೇಡ.

ಬೇಕೆಂದೇ ಕೆಲವು ಹಾಡು ಬಿಟ್ಟಿದ್ದೇನೆ. 'ಬೊಂಬೆ ಹೇಳುತೈತೆ' ಇಲ್ಲ. ಅಪ್ಪು ಹೋದ ಮೇಲೆ ಅದನ್ನು ಕೇಳಿದರೆ ನಮ್ಮನೆಯಲ್ಲಿ ಎಲ್ಲರ ಕಣ್ಣೂ ಒದ್ದೆ, ಪರೀಕ್ಷೆ ಹೊತ್ತಲ್ಲಿ ಅದು ಬೇಡ. 'ಯಾವ ಮೋಹನ ಮುರಳಿ' ಇಲ್ಲ, 'ಕಾಣದ ಕಡಲಿಗೆ' ಇಲ್ಲ. ಅಡಿಗರದ್ದು ಒಂದು, ಜಿ.ಎಸ್. ಶಿವರುದ್ರಪ್ಪನವರದ್ದು ಇನ್ನೊಂದು, ಎರಡೂ ನನಗೆ ಪ್ರಾಣ. ಆದರೆ ಎರಡೂ ಇರುವ ಜಾಗದಿಂದ ಮನಸ್ಸನ್ನು ಎಬ್ಬಿಸಿಕೊಂಡು ಹೋಗುವ ಹಾಡುಗಳು. ನಿನ್ನ ಮನಸ್ಸು ಇನ್ನೊಂದು ತಿಂಗಳು ಹಾಸನದಲ್ಲೇ ಇರಲಿ. ರಜೆಗೆ ಬಂದಾಗ ಕಣದ ಕಟ್ಟೆ ಮೇಲೆ ಕೂತು ಕೇಳೋಣ.

ಪರೀಕ್ಷೆ ಬರೆದು ಬಂದ ದಿನ ಉತ್ತರ ತಾಳೆ ನೋಡಬೇಡ. ಗೇಟಿನ ಹೊರಗೆ ಗುಂಪು ನಿಂತು 'ಒಂದು ಮಾರ್ಕಿಗೆ ನೀನೇನು ಬರೆದೆ' ಅನ್ನುತ್ತಿರುತ್ತಾರೆ. ಸೀದಾ ಮನೆಗೆ ಬಾ, ಊಟ ಮಾಡು, 'ನಗುವ ನಯನ' ಹಾಕಿಕೊಂಡು ಒಂದು ತಾಸು ಮಲಗು. 1983ರ 'ಪಲ್ಲವಿ ಅನುಪಲ್ಲವಿ', ಇಳಯರಾಜ ಸಂಗೀತ, ಎಸ್ಪಿಬಿ ಮತ್ತು ಜಾನಕಿ. ಆ ಸಿನಿಮಾದ ಟ್ಯೂನೇ ಆಮೇಲೆ ಐಡಿಯಾ ಮೊಬೈಲ್ ಜಾಹೀರಾತಿಗೆ ಬಂದಿದ್ದು. ಅದು ಪ್ರೇಮಗೀತೆ, ಪರೀಕ್ಷೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಿನ್ನಮ್ಮ ತಕರಾರು ಮಾಡಿದಳು. ಸಂಬಂಧ ಇಲ್ಲ ಅನ್ನೋದಕ್ಕೇ ಹಾಕಿದ್ದು.

ರಾತ್ರಿಗೆ ಆರಿಸಿದ್ದು ಅವಳೇ. ಪುರಂದರದಾಸರ 'ತೂಗಿರೆ ರಂಗನ'. ಜೋಗುಳ ಅಂತ ನಗಬೇಡ. ಹತ್ತೂವರೆಗೆ ಲೈಟ್ ಆರಿಸಿ ಅದನ್ನು ಹಾಕು. ರಾತ್ರಿ ನಿದ್ದೆ ಕೆಟ್ಟು ಓದಿದ್ದು ಬೆಳಗ್ಗೆ ಅರ್ಧ ಮರೆತಿರುತ್ತದೆ, ಓದಿದ್ದು ತಲೆಯಲ್ಲಿ ಕೂರೋದೇ ನಿದ್ದೆಯಲ್ಲಿ.

ಇನ್ನು 625ರ ವಿಷಯ. ಎಷ್ಟು ಬಂದರೂ ನಾನು ತೋಟದಲ್ಲಿ ಯಾರಿಗೂ ತಲೆ ತಗ್ಗಿಸಲ್ಲ, ಜಂಬವೂ ಕೊಚ್ಚಲ್ಲ. ಮೊದಲ ಪರೀಕ್ಷೆ ಕೈಕೊಟ್ಟರೆ ಇನ್ನೊಂದು ಬರೆಯಲು ಈಗ ಬೋರ್ಡೇ ಅವಕಾಶ ಇಟ್ಟಿದೆ. ನಮ್ಮ ಕಾಲದಲ್ಲಿ ಫೇಲ್ ಆದರೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಅಕ್ಕಿರೊಟ್ಟಿ ಪೂರ್ತಿ ತಿನ್ನು. ಅತ್ತೆಗೆ ಸಿಡುಕಬೇಡ, ಪಾಪ ಅವಳು ನಿನಗಾಗಿ ಧಾರಾವಾಹಿ ನೋಡೋದನ್ನೇ ಬಿಟ್ಟಿದ್ದಾಳೆ. ಸಂಜೆ ಹೊತ್ತು ಹಾಸನ ಆಕಾಶವಾಣಿ ಹಾಕಿಕೊಂಡರೆ ಅವಳ ಜೊತೆ ಕೂತು ಸ್ವಲ್ಪ ಕೇಳು.

ನಿನ್ನ
ಅಪ್ಪ

ತಾ.ಕ.: ಸ್ಪೀಕರ್ ಚಾರ್ಜರ್ ಪಿನ್ ಸಡಿಲ ಇದೆಯಂತೆ, ಸಂತೆಪೇಟೆ ಕಡೆ ಹೋದಾಗ ಹೊಸದು ತಗೋ, ದುಡ್ಡು ಅತ್ತೆ ಕೊಡುತ್ತಾಳೆ. ಕಾರ್ಡಲ್ಲಿ 'ಅಮ್ಮನದು' ಅಂತ ಒಂದು ಫೋಲ್ಡರ್ ಇದೆ, ಎಲ್ಲಾ ಭಕ್ತಿಗೀತೆ. ಅವಳು ಕೇಳಿದರೆ ಕೇಳಿದೆ ಅಂದುಬಿಡು.